ಅಡಿಟಿಪ್ಪಣಿಯ ಹಿಂದಿನ ಚೀಟಿ: ಮಹಾದೇವಿಯಕ್ಕನ ಅಧ್ಯಯನ ಮತ್ತು ಆಕರ ಕೋಷ್ಟಕ

ಶರಣ ಸಾಹಿತ್ಯವನ್ನು ಕುರಿತು ವಿಶ್ವವಿದ್ಯಾಲಯಗಳಿಗೆ ಸಲ್ಲುವ ಮಹಾಪ್ರಬಂಧಗಳಲ್ಲಿ ವಚನಗಳ ಉಲ್ಲೇಖಕ್ಕೆ ಕೊರತೆಯಿರುವುದಿಲ್ಲ. ಕೊರತೆಯಿರುವುದು ಆ ಉಲ್ಲೇಖದ ಬೆನ್ನು ಹತ್ತಿ ಹೋಗಲು ಬೇಕಾದ ದಾರಿಗೆ. ವಚನದ ಕೆಳಗೆ ‘ಅಕ್ಕಮಹಾದೇವಿ’ ಎಂದಷ್ಟೇ ಇರುತ್ತದೆ; ಇಲ್ಲವೆ ‘ಅದೇ, ಪುಟ 45’ ಎಂದಿರುತ್ತದೆ. ಆ ‘ಅದೇ’ ಯಾವುದೆಂದು ಹಿಂದಿನ ಪುಟಕ್ಕೆ ತಿರುಗಿ ನೋಡಿದರೆ, ಅಲ್ಲಿ ವಚನ ಸಂಪುಟಕ್ಕೆ ಬದಲಾಗಿ ಯಾವುದೋ ವಿಮರ್ಶಾಗ್ರಂಥದ ಹೆಸರು ಕಾಣುತ್ತದೆ. ಸಂಶೋಧನಾರ್ಥಿಯು ಸುಳ್ಳು ಬರೆದಿದ್ದಾನೆಂದು ಇದರ ಅರ್ಥವಲ್ಲ. ಬರೆಯುವಾಗ ‘ಅದೇ’ ಸರಿಯಾಗಿಯೇ ಇದ್ದಿತು. ಮಾರ್ಗದರ್ಶಕರ ಸೂಚನೆಯಂತೆ ಎರಡು ಪರಿಚ್ಛೇದಗಳು ಸ್ಥಳ ಬದಲಿಸಿದವು, ನಡುವೆ ಮತ್ತೊಂದು ಅಡಿಟಿಪ್ಪಣಿ ಬಂದು ಸೇರಿತು, ‘ಅದೇ’ ಎಂಬುದು ಹಳೆಯ ಮನೆಯ ವಿಳಾಸವನ್ನೇ ಹೇಳುತ್ತ ಹೊಸ ಬೀದಿಯಲ್ಲಿ ನಿಂತುಬಿಟ್ಟಿತು. ಮೂರು ವರ್ಷಗಳ ಅನಂತರ ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಆ ಪುಟವನ್ನು ತೆರೆದು ಕೇಳಿದಾಗ ಉತ್ತರ ಹೇಳಬೇಕಾದವನ ಬಳಿ ಪ್ರಬಂಧವಿರುತ್ತದೆಯೇ ಹೊರತು ಟಿಪ್ಪಣಿಯಿರುವುದಿಲ್ಲ.

ಆದುದರಿಂದ ಈ ದೋಷದ ಮೂಲವನ್ನು ಹುಡುಕಬೇಕಾದುದು ಓದುವ ಹಂತದಲ್ಲಿಯೇ ಹೊರತು ಬರೆಯುವ ಹಂತದಲ್ಲಿ ಅಲ್ಲ. ಓದುವಾಗ ಮಾಡಿಕೊಂಡ ಟಿಪ್ಪಣಿಗೆ ಅದರದೇ ಆದ ಗುರುತು ಇಲ್ಲದಿದ್ದರೆ ಆಮೇಲೆ ಎಷ್ಟು ಎಚ್ಚರದಿಂದ ಬರೆದರೂ ಫಲವಿಲ್ಲ. ಇದಕ್ಕೆ ಬಳಕೆಯಲ್ಲಿರುವ ಉಪಾಯಗಳಲ್ಲಿ ‘ಆಕರ ಕೋಷ್ಟಕ’ ಎಂಬುದು ಒಂದು. ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಆಕರ ಗ್ರಂಥಗಳು. ಮೇಲೆ ಎಡದಿಂದ ಬಲಕ್ಕೆ ಪ್ರಬಂಧವು ಕೇಳುತ್ತಿರುವ ಪ್ರಶ್ನೆಗಳು. ಇವೆರಡೂ ಕೂಡುವ ಮನೆಗಳಲ್ಲಿ ಓದಿನ ಚೀಟಿಗಳ ಸಂಖ್ಯೆ. ನೋಡಲು ಇಷ್ಟೇ. ಆದರೆ ಇದು ಪಂಚಾಂಗದ ಕೋಷ್ಟಕದಂತೆ ಮನೆ ತುಂಬಿಸಿ ಮುಗಿಸುವ ಕೆಲಸವಲ್ಲ. ಯಾವ ಮನೆಗೆ ಏನು ಬರೆಯಬೇಕು, ಯಾವ ಮನೆಯನ್ನು ಖಾಲಿ ಬಿಡಬೇಕು, ಖಾಲಿ ಬಿಟ್ಟುದಕ್ಕೆ ಏನು ಅರ್ಥ ಎಂಬಲ್ಲಿ ಇದರ ಗುಣವೂ ಮಿತಿಯೂ ಅಡಗಿವೆ. ಒಂದು ನಿಜವಾದ ಪ್ರಶ್ನೆಯನ್ನಿಟ್ಟುಕೊಂಡು ಇದನ್ನು ಪರೀಕ್ಷಿಸುವುದೇ ಸೂಕ್ತ. ಮಹಾದೇವಿಯಕ್ಕನ ಚರಿತ್ರೆಗಿಂತ ಉತ್ತಮವಾದ ಉದಾಹರಣೆ ಈ ಕ್ಷೇತ್ರದಲ್ಲಿ ದೊರೆಯುವುದು ಕಷ್ಟ.

ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಕೋಣೆ ಹಿಡಿದು, ಕೆಂಗೇರಿಯ ಮಾರ್ಗವಾಗಿ ಜ್ಞಾನಭಾರತಿಗೆ ಹೋಗಿಬರುವ ಒಬ್ಬ ವಿದ್ಯಾರ್ಥಿನಿ ‘ಮಹಾದೇವಿಯಕ್ಕನ ಜೀವನ ನಿರೂಪಣೆಗಳು’ ಎಂಬ ಅಧ್ಯಾಯವನ್ನು ಬರೆಯುತ್ತಿದ್ದಾಳೆಂದು ಭಾವಿಸಬಹುದು. 2021ರಲ್ಲಿ ಮೆಟ್ರೊ ಕೆಂಗೇರಿಯವರೆಗೆ ಬಂದ ಮೇಲೆ ವಿಜಯನಗರದಿಂದ ಜ್ಞಾನಭಾರತಿಯ ನಿಲ್ದಾಣಕ್ಕೆ ಹೋಗುವುದು ಹಿಂದಿಗಿಂತ ಸುಲಭವಾಗಿದೆ. ಆದರೂ ಗ್ರಂಥಾಲಯದ ಹೊರಗೆ ಒಯ್ಯಲು ಕೊಡದ ಪುಸ್ತಕಕ್ಕಾಗಿ ಒಂದು ಪುಟಸಂಖ್ಯೆ ನೋಡಲು ಮತ್ತೊಮ್ಮೆ ಹೋಗುವುದೆಂದರೆ ಅರ್ಧ ದಿನ ಹಾಳಾದಂತೆಯೇ. ಅವಳ ಪ್ರಶ್ನೆಗಳು ಮುಖ್ಯವಾಗಿ ಮೂರು: ಕೌಶಿಕನೊಡನೆ ಮಹಾದೇವಿಯ ಮದುವೆ ನಡೆಯಿತೇ? ಅವಳು ಕಲ್ಯಾಣಕ್ಕೆ ಬಂದಳೇ? ಶ್ರೀಶೈಲದ ಕಡೆಗೆ ಹೋದುದು ಹೇಗೆ?

ಮೊದಲು ಆಕರಗಳ ಪಟ್ಟಿ. ಹರಿಹರನ ಮಹಾದೇವಿಯಕ್ಕನ ರಗಳೆ, ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದಲ್ಲಿದ್ದ ಚಾಮರಸನ ಪ್ರಭುಲಿಂಗಲೀಲೆ, ಶೂನ್ಯಸಂಪಾದನೆ, ಅಕ್ಕನ ವಚನಗಳು, ಆಧುನಿಕ ವಿದ್ವಾಂಸರ ಬರೆಹಗಳು. ಇವಕ್ಕೆ ಒಂದೊಂದು ಸಂಕೇತ: ‘ಹರಿ’, ‘ಚಾಮ’, ‘ಶೂಸ’, ‘ಸವಸ’ ಎಂದು. ಇಲ್ಲಿಯೇ ಮೊದಲ ಎಡವು ಕಾದಿರುತ್ತದೆ. ಶೂನ್ಯಸಂಪಾದನೆ ಎಂಬುದು ಒಂದೇ ಪುಸ್ತಕವಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಎಂಬ ನಾಲ್ವರ ನಾಲ್ಕು ಸಂಕಲನಗಳಿವೆ. ಒಂದರಲ್ಲಿರುವ ಪ್ರಸಂಗ, ವಚನ, ಕ್ರಮ ಮತ್ತೊಂದರಲ್ಲಿ ಹಾಗೆಯೇ ಇರುವುದಿಲ್ಲ. ‘ಶೂಸ’ ಎಂಬ ಒಂದೇ ಸಂಕೇತದಿಂದ ಹೊರಟವರು ಆರು ತಿಂಗಳ ಮೇಲೆ ತಮ್ಮ ಚೀಟಿ ಯಾರ ಸಂಪಾದನೆಯಿಂದ ಬಂದುದೆಂಬುದನ್ನೇ ಹೇಳಲಾರರು. ಆದುದರಿಂದ ‘ಶೂಸ–1’ರಿಂದ ‘ಶೂಸ–4’ರವರೆಗೆ ನಾಲ್ಕು ಸಾಲುಗಳು ಬೇಕು. ಸದ್ಯಕ್ಕೆ ಒಂದನ್ನೇ ಓದುತ್ತಿದ್ದರೂ ಉಳಿದ ಮೂರರ ಸಾಲುಗಳು ಇರಬೇಕು. ಅವು ಓದದೆ ಉಳಿದಿವೆಯೆಂಬುದನ್ನು ಕಣ್ಣಿಗೆ ಕಾಣಿಸುತ್ತಿರಬೇಕು.

ವಚನಗಳ ವಿಷಯದಲ್ಲಿಯೂ ಇದೇ ತೊಡಕು ಬೇರೆ ರೂಪದಲ್ಲಿದೆ. ಡಾ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಕು ಕಂಡಿತು. ಅದರಲ್ಲಿ ವಚನಗಳು ವಿಷಯಾನುಸಾರವಾಗಿ ಜೋಡಣೆಗೊಂಡಿವೆ. 1993ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದು. ಅವುಗಳಲ್ಲಿ ಐದನೆಯದು ಶಿವಶರಣೆಯರ ವಚನಗಳದು. ಇಲ್ಲಿ ಜೋಡಣೆ ವಚನಕಾರರ ಹೆಸರಿನಡಿ. ಎರಡರಲ್ಲಿ ಒಂದೇ ವಚನಕ್ಕೆ ಒಂದೇ ಸಂಖ್ಯೆಯಿರಬೇಕೆಂದು ನಿರೀಕ್ಷಿಸುವಂತಿಲ್ಲ. ಎ. ಕೆ. ರಾಮಾನುಜನ್ನರು 1973ರ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಬಸವಣ್ಣನವರ ವಚನಗಳ ಮೇಲೆ ಕೊಟ್ಟಿರುವ ಸಂಖ್ಯೆಗಳು ಶಿ. ಶಿ. ಬಸವನಾಳರ ಆವೃತ್ತಿಯವು. ಆ ಸಂಖ್ಯೆಯನ್ನು ಹಿಡಿದು ಸಮಗ್ರ ಸಂಪುಟದಲ್ಲಿ ಹುಡುಕಿದವರಿಗೆ ಬೇರೆ ವಚನ ಸಿಕ್ಕರೆ ಆಶ್ಚರ್ಯವೇನೂ ಇಲ್ಲ. ಸಂಖ್ಯೆಯೊಂದು ಆವೃತ್ತಿಯ ಹೆಸರಿಲ್ಲದೆ ಬಂದರೆ ಅದು ಊರಿನ ಹೆಸರಿಲ್ಲದ ಬಾಗಿಲ ಸಂಖ್ಯೆಯಷ್ಟೇ ಉಪಯುಕ್ತ. ಸಂಕೇತದಲ್ಲಿಯೇ ಸಂಪುಟವೂ ಮುದ್ರಣದ ವರ್ಷವೂ ಸೇರಿರಬೇಕು: ‘ಸವಸ–5–1993’. ಮರುಮುದ್ರಣದಲ್ಲಿ ಪುಟಗಳು ಸರಿದಿರಬಹುದಾದುದರಿಂದ ಚೀಟಿಯಲ್ಲಿ ವಚನಸಂಖ್ಯೆ ಮತ್ತು ಪುಟ ಎರಡನ್ನೂ ಬರೆಯುವುದು ಕ್ಷೇಮ. ರಗಳೆಗೆ ಸ್ಥಲ, ಪ್ರಭುಲಿಂಗಲೀಲೆಗೆ ಗತಿ ಮತ್ತು ಪದ್ಯಸಂಖ್ಯೆ. ಪುಟ ಬದಲಾದರೂ ಇವು ದಾರಿ ತೋರಿಸುತ್ತವೆ.

ಇನ್ನು ಚೀಟಿ. ಕೋಷ್ಟಕವು ಚೀಟಿಗಳ ಸೂಚಿಯೇ ಹೊರತು ಚೀಟಿಗಳ ಬದಲಿಯಲ್ಲ. ಮನೆಗಳೊಳಗೆ ಉದ್ಧರಣಗಳನ್ನೇ ತುಂಬಲು ಹೊರಟ ಕೋಷ್ಟಕಗಳು ಎರಡನೆಯ ವಾರಕ್ಕೆ ಓದಲಾರದಷ್ಟು ಊದಿಕೊಂಡು ಮೂಲೆ ಸೇರುತ್ತವೆ. ಚೀಟಿಯಲ್ಲಿರಬೇಕಾದುದು ನಾಲ್ಕೇ ಸಂಗತಿ: ಅದರ ಸ್ವಂತ ಸಂಖ್ಯೆ, ಆಕರದ ಸಂಕೇತ ಮತ್ತು ಸ್ಥಳ, ಟಿಪ್ಪಣಿಯ ಜಾತಿ, ಟಿಪ್ಪಣಿ. ಇದು ಹೊಸ ಕಲ್ಪನೆಯೂ ಅಲ್ಲ. ಕಿಟ್ಟೆಲರ 1894ರ ನಿಘಂಟಿನಲ್ಲಿಯೂ, ಆಮೇಲೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನಲ್ಲಿಯೂ ಪ್ರಯೋಗಗಳ ಪಕ್ಕದಲ್ಲಿ ಗ್ರಂಥದ ಸಂಕ್ಷೇಪಾಕ್ಷರಗಳು ನಿಂತಿರುವುದನ್ನು ಕಂಡವರಿಗೆ ಈ ಶಿಸ್ತು ಪರಿಚಿತವೇ. ನಿಘಂಟುಕಾರನಿಗೆ ಪದವೊಂದು ಎಲ್ಲಿಂದ ಬಂತೆಂಬುದು ಅದರ ಅರ್ಥದಷ್ಟೇ ಮುಖ್ಯ. ಪ್ರಬಂಧಕಾರರು ಮಾತ್ರ ಏಕೋ ಈ ಶಿಸ್ತನ್ನು ನಿಘಂಟುಕಾರರ ಪಾಲಿಗೆ ಬಿಟ್ಟುಕೊಟ್ಟಿದ್ದಾರೆ.

ಟಿಪ್ಪಣಿಯ ಜಾತಿಯೆಂದು ಹೇಳಿದುದನ್ನು ಸ್ವಲ್ಪ ವಿಸ್ತರಿಸಬೇಕು. ಅನೇಕ ಪ್ರಬಂಧಗಳು ಮುಗ್ಗರಿಸುವುದು ಇಲ್ಲಿಯೇ. ಒಂದು ಚೀಟಿಯಲ್ಲಿರುವುದು ಆಕರದ ಮಾತಿನ ಯಥಾವತ್ತಾದ ಉದ್ಧರಣವಾಗಿರಬಹುದು; ಓದಿದವರು ತಮ್ಮ ಮಾತಿನಲ್ಲಿ ಕೊಟ್ಟುಕೊಂಡ ಸಾರಾಂಶವಾಗಿರಬಹುದು; ಓದುತ್ತಿರುವಾಗ ತಮಗೇ ಹೊಳೆದ ವಿಚಾರವಾಗಿರಬಹುದು. ‘ಉ’, ‘ಸಾ’, ‘ಸ್ವ’ ಎಂದು ಮೂರು ಗುರುತು ಸಾಕು. ಒಂದೇ ಚೀಟಿಯಲ್ಲಿ ಎರಡು ಜಾತಿ ಬೆರೆಯಕೂಡದು. ಬೆರೆತಲ್ಲಿ ಚೀಟಿಯನ್ನು ಎರಡು ಮಾಡಬೇಕು. ಈ ಗುರುತಿಲ್ಲದಿದ್ದರೆ ಒಂದು ವರ್ಷದ ಅನಂತರ ಚೀಟಿಯನ್ನು ತೆಗೆದು ನೋಡಿದಾಗ ಆ ಸೊಗಸಾದ ವಾಕ್ಯ ಯಾರದೆಂದು ತಿಳಿಯದು. ಸೊಗಸಾಗಿರುವುದರಿಂದ ತನ್ನದಿರಬಹುದೆಂಬ ಕಡೆಗೇ ಮನಸ್ಸು ವಾಲುತ್ತದೆ! ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳು ಬಂದ ಮೇಲೆ ಇದು ಮುಜುಗರದ ಮಟ್ಟದಲ್ಲಿಯೇ ನಿಲ್ಲುವ ಸಂಗತಿಯಲ್ಲ. ಇತರರ ಬರೆಹದೊಡನೆ ಸಾಮ್ಯ ಶೇಕಡ 10ರವರೆಗಿದ್ದರೆ ಆ ನಿಯಮಗಳಲ್ಲಿ ದಂಡನೆಯಿಲ್ಲ. ಅದನ್ನು ಮೀರಿದರೆ ತಿದ್ದಿ ಮತ್ತೆ ಸಲ್ಲಿಸುವುದರಿಂದ ಮೊದಲುಗೊಂಡು ಶೇಕಡ 60ನ್ನು ದಾಟಿದಲ್ಲಿ ನೋಂದಣಿಯ ರದ್ದತಿಯವರೆಗೆ ಮೆಟ್ಟಿಲುಗಳಿವೆ. ಆಕರವನ್ನು ಸರಿಯಾಗಿ ಹೇಳಿದ ಉದ್ಧರಣಗಳನ್ನು ಈ ಲೆಕ್ಕದಿಂದ ಬಿಡಲಾಗುತ್ತದೆ. ಅಂದರೆ ಉದ್ಧರಣ ಚಿಹ್ನೆ ಬಿದ್ದುಹೋದ ವಾಕ್ಯ ಅಪರಾಧದ ಲೆಕ್ಕಕ್ಕೂ, ಚಿಹ್ನೆಯುಳ್ಳ ಅದೇ ವಾಕ್ಯ ಪಾಂಡಿತ್ಯದ ಲೆಕ್ಕಕ್ಕೂ ಸೇರುತ್ತದೆ. ಎರಡರ ನಡುವಿನ ಅಂತರ ಚೀಟಿಯ ಮೇಲಿನ ಒಂದಕ್ಷರ.

ಶರಣ ಸಾಹಿತ್ಯದ ಅಧ್ಯಯನಕ್ಕೆ ಮಾತ್ರ ವಿಶೇಷವಾಗಿ ಬೇಕಾದ ಇನ್ನೊಂದು ಗುರುತಿದೆ: ಇದು ಯಾರ ಮಾತು? ಶೂನ್ಯಸಂಪಾದನೆಯಲ್ಲಿ ಮಹಾದೇವಿಯಕ್ಕನಿಗೂ ಅಲ್ಲಮಪ್ರಭುವಿಗೂ ನಡೆಯುವ ಸಂವಾದವು ಅವರಿಬ್ಬರ ವಚನಗಳಿಂದ ಹೆಣೆದುದು. ಆದರೆ ವಚನವನ್ನೂ ವಚನವನ್ನೂ ಬೆಸೆಯುವ ಗದ್ಯ ಸಂಪಾದನಕಾರನದು. ಪ್ರಶ್ನೆ ಯಾವ ಸಂದರ್ಭದಲ್ಲಿ ಹುಟ್ಟಿತು, ಉತ್ತರ ಕೇಳಿ ಸಭೆ ಹೇಗೆ ನಡೆದುಕೊಂಡಿತು ಎಂಬುದೆಲ್ಲ ಆ ಗದ್ಯದಲ್ಲಿದೆ. ಅದನ್ನು ‘ಅಲ್ಲಮನು ಹೇಳಿದಂತೆ’ ಎಂದು ಬರೆದರೆ ಹದಿನೈದನೆಯ ಶತಮಾನದ ಮಾತನ್ನು ಹನ್ನೆರಡನೆಯ ಶತಮಾನದವರ ಬಾಯಿಗೆ ಹಾಕಿದಂತಾಗುತ್ತದೆ. ಇಂಥ ವಾಕ್ಯಗಳು ಪ್ರಬಂಧಗಳಲ್ಲಿ ಅಪರೂಪವಲ್ಲ. ಅವುಗಳಿಂದ ಹುಟ್ಟಿದ ತೀರ್ಮಾನಗಳೂ ಅಪರೂಪವಲ್ಲ. ಆದುದರಿಂದ ಈ ಸಾಲುಗಳ ಚೀಟಿಯಲ್ಲಿ ‘ವ’ ಎಂದರೆ ವಚನ, ‘ಸಂ’ ಎಂದರೆ ಸಂಪಾದನಕಾರ, ‘ಪೀ’ ಎಂದರೆ ಆಧುನಿಕ ಸಂಪಾದಕರ ಪೀಠಿಕೆ ಎಂದು ನಮೂದಿಸುವುದು ಅಗತ್ಯ. ಪೀಠಿಕೆಯಲ್ಲಿನ ಅಭಿಪ್ರಾಯವೂ ಮೂಲದ ಅಭಿಪ್ರಾಯದ ವೇಷದಲ್ಲಿ ಪ್ರಬಂಧಕ್ಕೆ ನುಸುಳುವುದುಂಟು.

ಈಗ ಆ ಅಧ್ಯಾಯದ ಕೋಷ್ಟಕವನ್ನು ತುಂಬುತ್ತ ಹೋದರೆ ಏನಾಗುವುದೆಂದು ನೋಡಬಹುದು. ‘ಹರಿ’ ಸಾಲು, ‘ಮದುವೆ’ ಎಂಬ ಮನೆ: ತಂದೆತಾಯಿಗಳಿಗೆ ಒದಗಿದ ಸಂಕಟಕ್ಕಾಗಿ ಮಹಾದೇವಿಯು ಷರತ್ತುಗಳ ಮೇಲೆ ಕೌಶಿಕನನ್ನು ಒಪ್ಪುತ್ತಾಳೆ, ಷರತ್ತು ಮುರಿದ ಮೇಲೆ ಹೊರಟುಹೋಗುತ್ತಾಳೆ. ಇದಕ್ಕೆ ಎರಡು ಚೀಟಿ, ಒಂದು ಉದ್ಧರಣ, ಒಂದು ಸಾರಾಂಶ: ‘ಮ–4 ಉ, ಮ–5 ಸಾ’. ‘ಚಾಮ’ ಸಾಲಿನ ಅದೇ ಮನೆ: ಇಲ್ಲಿ ಮದುವೆ ನಡೆಯುವುದೇ ಇಲ್ಲ, ‘ಮ–11 ಉ’. ‘ಶೂಸ–4’ರ ಅದೇ ಮನೆಗೆ ಬಂದಾಗ ಬರೆಯುವ ಕೈ ತಡೆಯುತ್ತದೆ. ಅಲ್ಲಿ ಗಂಡನಾರೆಂಬ ಪ್ರಶ್ನೆಯಿದೆ, ಚೆನ್ನಮಲ್ಲಿಕಾರ್ಜುನನೇ ಗಂಡನೆಂಬ ಅಕ್ಕನ ನಿಲುವಿದೆ. ಆದರೆ ಅದು ಘಟನೆಯ ನಿರೂಪಣೆಯಲ್ಲ, ಸಂವಾದದ ಒಂದು ಹೆಜ್ಜೆ. ಆ ಮನೆಯಲ್ಲಿ ಚೀಟಿಯ ಸಂಖ್ಯೆಯ ಜೊತೆಗೆ ‘ವ’ ಎಂಬ ಗುರುತು ಬೀಳುತ್ತದೆ, ಮದುವೆಗೆ ಸಾಕ್ಷ್ಯವೆಂದು ಅದನ್ನು ಎಣಿಸಕೂಡದೆಂಬ ಎಚ್ಚರಿಕೆಯೂ ಅದರೊಡನೆ ಬರುತ್ತದೆ.

ಎರಡನೆಯ ಮನೆ ‘ಕಲ್ಯಾಣ’. ಚಾಮರಸನಲ್ಲಿ ಅಕ್ಕ ಕಲ್ಯಾಣಕ್ಕೆ ಬರುತ್ತಾಳೆ. ಶೂನ್ಯಸಂಪಾದನೆಯಲ್ಲಿ ಆ ಭೇಟಿ ಒಂದು ಸಂಪಾದನೆಯ ತಿರುಳೇ ಆಗಿದೆ. ಹರಿಹರನ ರಗಳೆಯಲ್ಲಿ ಅವಳು ಹೋಗುವುದು ಶ್ರೀಶೈಲಕ್ಕೆ. ಕಲ್ಯಾಣದ ಸುದ್ದಿಯೇ ಇಲ್ಲ. ಈ ಮೌನವನ್ನು ಕೋಷ್ಟಕದಲ್ಲಿ ಹೇಗೆ ತೋರಿಸಬೇಕು? ಮನೆಯನ್ನು ಖಾಲಿ ಬಿಟ್ಟರೆ ಅದು ‘ಇನ್ನೂ ನೋಡಿಲ್ಲ’ ಎಂದೂ ಆಗಬಹುದು, ‘ನೋಡಿದೆ, ಇಲ್ಲ’ ಎಂದೂ ಆಗಬಹುದು. ಇವೆರಡೂ ಒಂದಲ್ಲ. ರಗಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಕಲ್ಯಾಣದ ಪ್ರಸ್ತಾಪವಿಲ್ಲವೆಂದು ಖಚಿತ ಮಾಡಿಕೊಂಡ ಮೇಲೆ ಆ ಮನೆಯಲ್ಲಿ ಒಂದು ಸೊನ್ನೆ ಬರೆದು ಓದು ಮುಗಿದ ದಿನಾಂಕವನ್ನು ಹಾಕಬೇಕು. ಖಾಲಿ ಮನೆಯೆಂದರೆ ಕೆಲಸ ಬಾಕಿ. ಸೊನ್ನೆಯ ಮನೆಯೆಂದರೆ ಫಲಿತಾಂಶ. ಹರಿಹರನು ಕಾಲದಲ್ಲಿ ಮಹಾದೇವಿಗೆ ಉಳಿದಿಬ್ಬರಿಗಿಂತ ಹತ್ತಿರದವನಾದುದರಿಂದ ಈ ಸೊನ್ನೆಯೇ ಅಧ್ಯಾಯದ ಅತ್ಯಂತ ಭಾರವಾದ ಸಾಕ್ಷ್ಯ. ಕಲ್ಯಾಣದ ಭೇಟಿ ನಡೆಯಲೇ ಇಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಕವಿಗೆ ತನ್ನ ವಸ್ತುವಿಗೆ ಬೇಡವಾದುದನ್ನು ಬಿಡುವ ಅಧಿಕಾರವಿದೆ. ಹರಿಹರನ ಲಕ್ಷ್ಯ ಶ್ರೀಶೈಲದ ಮಲ್ಲಿಕಾರ್ಜುನನ ಕಡೆಗಿದೆ. ಆದರೆ ‘ಎಲ್ಲ ಪ್ರಾಚೀನ ಆಕರಗಳೂ ಹೇಳುವಂತೆ ಅಕ್ಕ ಕಲ್ಯಾಣಕ್ಕೆ ಬಂದಳು’ ಎಂದು ಬರೆಯುವ ಕೈಯನ್ನು ಆ ಸೊನ್ನೆ ಹಿಡಿದು ನಿಲ್ಲಿಸುತ್ತದೆ. ಭಕ್ತನ ನಂಬಿಕೆಗೆ ಇದರಿಂದ ಯಾವ ಧಕ್ಕೆಯೂ ಇಲ್ಲ. ಸಂಶೋಧಕನ ವಾಕ್ಯಕ್ಕೆ ಮಾತ್ರ ಅಳತೆ ಬರುತ್ತದೆ.

ಕೋಷ್ಟಕವನ್ನು ಅಡ್ಡಲಾಗಿ ಓದಿದರೆ ಒಂದು ಗ್ರಂಥ ಏನು ಹೇಳುತ್ತದೆಂಬುದು ತಿಳಿಯುತ್ತದೆ. ಉದ್ದವಾಗಿ ಓದಿದರೆ ಒಂದು ಪ್ರಶ್ನೆಗೆ ಗ್ರಂಥಗಳು ಹೇಗೆ ಭಿನ್ನವಾಗಿವೆಯೆಂಬುದು ತಿಳಿಯುತ್ತದೆ. ಪ್ರಬಂಧದ ಅಧ್ಯಾಯ ಹುಟ್ಟಬೇಕಾದುದು ಉದ್ದದ ಓದಿನಿಂದ. ಅಡ್ಡಸಾಲಿನಿಂದಲೇ ಬರೆದ ಅಧ್ಯಾಯಗಳು ‘ಹರಿಹರನು ಹೀಗೆನ್ನುತ್ತಾನೆ, ಚಾಮರಸನು ಹೀಗೆನ್ನುತ್ತಾನೆ’ ಎಂಬ ಕಥಾಸಾರಗಳ ಮೆರವಣಿಗೆಯಾಗಿ ಮುಗಿಯುತ್ತವೆ. ಇಂದಿನ ಎಷ್ಟೋ ಪ್ರಬಂಧಗಳ ಎರಡನೆಯ ಅಧ್ಯಾಯ ಬೇಸರ ತರುವುದಕ್ಕೆ ಇದೇ ಕಾರಣವೆನ್ನಬೇಕು.

ಆಧುನಿಕರ ಸಾಲುಗಳಲ್ಲಿ ಬೇರೊಂದು ಅಪಾಯವಿದೆ. ವಿಮರ್ಶಾಗ್ರಂಥವೊಂದರಲ್ಲಿ ರಗಳೆಯ ನಾಲ್ಕು ಸಾಲು ಉದ್ಧೃತವಾಗಿರುತ್ತವೆ. ಅವನ್ನು ಅಲ್ಲಿಂದಲೇ ಎತ್ತಿಕೊಂಡು ಅಡಿಟಿಪ್ಪಣಿಯಲ್ಲಿ ರಗಳೆಯ ಪುಟವನ್ನು ಕೊಡುವುದು ವಾಡಿಕೆ. ವಿಮರ್ಶಕರ ಕೈತಪ್ಪಿನಿಂದ ಒಂದಕ್ಷರ ಹೋಗಿದ್ದರೆ ಆ ತಪ್ಪು ವಂಶಪಾರಂಪರ್ಯವಾಗಿ ಮುಂದುವರಿಯುತ್ತದೆ. ಒಂದೇ ತಪ್ಪು ಮೂರು ಪ್ರಬಂಧಗಳಲ್ಲಿ ಕಂಡುಬಂದರೆ ಮೂವರೂ ಒಂದೇ ಬಾವಿಯ ನೀರು ಕುಡಿದಿದ್ದಾರೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಚೀಟಿಯಲ್ಲಿ ಕೈಗೆ ಸಿಕ್ಕ ಪುಸ್ತಕದ ಸಂಕೇತವೇ ಮೊದಲು ಬರಬೇಕು. ಮೂಲದ ಸ್ಥಳ ‘ಮೂಲಕ’ ಎಂಬ ಗುರುತಿನೊಡನೆ ಆಮೇಲೆ. ಮೂಲವನ್ನು ತೆರೆದು ತಾಳೆ ನೋಡಿದ ದಿನ ಆ ‘ಮೂಲಕ’ವನ್ನು ಹೊಡೆದುಹಾಕಬಹುದು. ಕೊನೆಗೂ ಮೂಲ ಸಿಗದಿದ್ದರೆ ಅಡಿಟಿಪ್ಪಣಿಯಲ್ಲಿ ‘ಇಂಥವರ ಗ್ರಂಥದ ಮೂಲಕ’ ಎಂದು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಜಾಲದಲ್ಲಿ ದೊರೆಯುವ ‘ವಚನ ಸಂಚಯ’ದಂಥ ಭಂಡಾರಗಳಿಗೂ ಇದೇ ನ್ಯಾಯ: ಪದವೊಂದು ಎಲ್ಲೆಲ್ಲಿ ಬಂದಿದೆಯೆಂದು ಹುಡುಕಲು ಅವು ಅತ್ಯುಪಯುಕ್ತ, ಪಾಠವನ್ನು ಮಾತ್ರ ಮುದ್ರಿತ ಸಂಪುಟದೊಡನೆ ತಾಳೆ ನೋಡಿ, ಪುಟವನ್ನು ಅಲ್ಲಿಂದಲೇ ಪಡೆಯಬೇಕು.

ಪುಟಸಂಖ್ಯೆ ತಪ್ಪುವ ದಾರಿಗಳು ಕಾಲದೊಡನೆ ಬದಲಾಗಿವೆ. ಹಿಂದೆ ನಕಲು ಮಾಡುವಾಗ 54 ಎಂಬುದು 45 ಆಗುತ್ತಿತ್ತು. ಈಗ ದೂರವಾಣಿಯಲ್ಲಿ ಪುಟದ ಚಿತ್ರ ತೆಗೆಯುತ್ತಾರೆ. ಅಂಚಿನಲ್ಲಿರುವ ಸಂಖ್ಯೆ ಚೌಕಟ್ಟಿನ ಹೊರಗೆ ಉಳಿಯುತ್ತದೆ. ಝೆರಾಕ್ಸ್ ಪ್ರತಿಗಳಲ್ಲಿ ಮುಖಪುಟವನ್ನೂ ಮುದ್ರಣದ ವಿವರವಿರುವ ಅದರ ಹಿಂಬದಿಯನ್ನೂ ಬಿಟ್ಟು ಬೇಕಾದ ಹತ್ತು ಪುಟಗಳನ್ನಷ್ಟೇ ತರುವುದುಂಟು. ಆ ಎರಡು ಹಾಳೆಗಳ ಉಳಿತಾಯ ಅನಂತರ ಗ್ರಂಥಾಲಯಕ್ಕೆ ಮತ್ತೊಂದು ಪ್ರಯಾಣವಾಗಿ ಬರುತ್ತದೆ. ಗಣಕದ ಪರದೆಯ ಮೇಲೆ ಓದುವ ಹಳೆಯ ಪುಸ್ತಕಗಳ ಬಿಂಬಪ್ರತಿಗಳಲ್ಲಿ ಮತ್ತೊಂದು ಮೋಸವಿದೆ. ಪರದೆ ತೋರಿಸುವ ಸಂಖ್ಯೆ ಹೊದಿಕೆಯಿಂದ ಎಣಿಸಿದುದು. ಪುಸ್ತಕದ ಪುಟಸಂಖ್ಯೆ ಮುನ್ನುಡಿ, ಪೀಠಿಕೆಗಳು ಮುಗಿದ ಮೇಲೆ ಆರಂಭವಾಗುವುದು. ಪೀಠಿಕೆ ದೀರ್ಘವಾಗಿದ್ದರೆ ಎರಡರ ನಡುವೆ ಮೂವತ್ತು ನಲವತ್ತು ಪುಟಗಳ ಅಂತರ ಬಂದರೂ ಬಂತು. ಒಂದೇ ಗ್ರಂಥದ ಎಲ್ಲ ಚೀಟಿಗಳೂ ಒಂದೇ ಅಂತರದಿಂದ ತಪ್ಪಿದ್ದರೆ ಕಾರಣ ಇದೇ ಎಂದು ತಿಳಿಯಬಹುದು. ಆಗ ಸಾಲಿನ ಎಲ್ಲ ಚೀಟಿಗಳನ್ನೂ ಒಮ್ಮೆಗೇ ತಿದ್ದುವುದು ಸಾಧ್ಯ. ಅಂತರ ಒಂದೊಂದರಲ್ಲಿ ಒಂದೊಂದಾಗಿದ್ದರೆ ಎರಡು ಮುದ್ರಣಗಳು ಬೆರೆತಿವೆಯೆಂದು ಸಂದೇಹಿಸಬೇಕು.

ಕೋಷ್ಟಕವನ್ನು ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು ಮಾಡುವುದೋ ಗಣಕದ ಎಕ್ಸೆಲ್‌ನಲ್ಲಿ ಮಾಡುವುದೋ ಎಂಬುದು ಅನುಕೂಲದ ಮಾತು. ಗಣಕದಲ್ಲಿ ಚೀಟಿಗಳನ್ನಿಡುವವರು ಮೊದಲಿನಿಂದಲೇ ಯೂನಿಕೋಡ್ ಲಿಪಿಯಲ್ಲಿ ಬರೆಯುವುದು ಒಳ್ಳೆಯದು. ಹಳೆಯ ನುಡಿ ಅಕ್ಷರಗಳಲ್ಲಿ ಬರೆದುದು ಹುಡುಕಾಟಕ್ಕೆ ಸಿಗುವುದಿಲ್ಲ. ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಕೆಡಬಹುದು. ವಚನಪಾಠದಲ್ಲಿ ಅದು ಪಾಠಭೇದದಂತೆ ತೋರಿ ದಾರಿ ತಪ್ಪಿಸುತ್ತದೆ.

ಈ ಪದ್ಧತಿಗೆ ಬರುವ ಮುಖ್ಯ ಆಕ್ಷೇಪ, ಇದು ಓದನ್ನು ಗುಮಾಸ್ತಗಿರಿಯನ್ನಾಗಿಸುತ್ತದೆಂಬುದು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಪ್ರಶ್ನೆಗಳನ್ನು ಮೊದಲೇ ಗೊತ್ತುಮಾಡಿ ಓದಲು ಕುಳಿತವರಿಗೆ ಆ ಪ್ರಶ್ನೆಗಳ ಹೊರಗಿರುವುದು ಕಾಣದೆ ಹೋಗಬಹುದು. ವಚನವು ಸಾಕ್ಷ್ಯದ ತುಣುಕಾಗಿ, ಅನುಭಾವದ ಮಾತು ಹೌದು ಅಲ್ಲಗಳ ಉತ್ತರವಾಗಿ ಕಿರಿದಾಗಬಹುದು. ಅಕ್ಕನ ವಚನಗಳನ್ನು ‘ಮದುವೆ’ಯ ಮನೆಗೆ ತುರುಕಲು ಹೊರಟವರು ಮಾಡುವ ಅನ್ಯಾಯ ಈ ಬಗೆಯದು. ಇದಕ್ಕೆ ಪರಿಹಾರವೂ ಕೋಷ್ಟಕದಲ್ಲಿಯೇ ಇದೆ: ಕೊನೆಯಲ್ಲಿ ಹೆಸರಿಲ್ಲದ ಒಂದು ಮನೆಯನ್ನಿಟ್ಟು, ಯಾವ ಪ್ರಶ್ನೆಗೂ ಒಗ್ಗದ, ಆದರೆ ಓದುವಾಗ ತಡೆದು ನಿಲ್ಲಿಸಿದ ಚೀಟಿಗಳನ್ನು ಅಲ್ಲಿ ಸೇರಿಸುವುದು. ಆ ಮನೆ ತುಂಬುತ್ತ ಬಂದು ಅಲ್ಲಿನ ಚೀಟಿಗಳು ಒಂದಕ್ಕೊಂದು ಮಾತಾಡತೊಡಗಿದರೆ ಹೊಸ ಪ್ರಶ್ನೆಯೊಂದು ಹುಟ್ಟಿದೆಯೆಂದು ತಿಳಿದು ಅದಕ್ಕೊಂದು ಹೆಸರು ಕೊಡಬಹುದು. ಮನೆಗಳ ಸಂಖ್ಯೆ ಮಾತ್ರ ಏಳೆಂಟನ್ನು ಮೀರದಿರುವುದು ಒಳ್ಳೆಯದು. ಮೀರಿದಲ್ಲಿ ಒಂದು ಅಧ್ಯಾಯಕ್ಕೆ ಎರಡು ಅಧ್ಯಾಯಗಳ ಪ್ರಶ್ನೆಗಳು ಬಂದು ಸೇರಿವೆಯೆಂದೇ ಅರ್ಥ.

ಪ್ರಬಂಧದ ಕರಡು ಸಿದ್ಧವಾದ ಮೇಲೆ ಒಂದು ಪರೀಕ್ಷೆ ಉಳಿದಿರುತ್ತದೆ. ಕರಡಿನಲ್ಲಿ ‘ಅದೇ’ ಎಂಬುದನ್ನು ಎಲ್ಲಿಯೂ ಬಳಸದೆ ಪ್ರತಿ ಅಡಿಟಿಪ್ಪಣಿಯಲ್ಲೂ ಚೀಟಿಯ ಸಂಖ್ಯೆಯನ್ನೇ ಇಟ್ಟುಕೊಂಡಿರಬೇಕು. ಪೂರ್ಣ ವಿವರಗಳನ್ನೂ ‘ಅದೇ’ಗಳನ್ನೂ ತುಂಬುವುದು ಪರಿಚ್ಛೇದಗಳ ಸ್ಥಳ ಸ್ಥಿರವಾದ ಅನಂತರದ, ಕಟ್ಟಕಡೆಯ ಕೆಲಸ. ಅದಕ್ಕೆ ಮುನ್ನ ಪ್ರತಿ ಸಾಲಿನಿಂದ ಹತ್ತು ಅಡಿಟಿಪ್ಪಣಿಗಳನ್ನು ಆರಿಸದೆ ಎತ್ತಿಕೊಂಡು, ಅಡಿಟಿಪ್ಪಣಿಯಿಂದ ಚೀಟಿಗೆ, ಚೀಟಿಯಿಂದ ಪುಸ್ತಕಕ್ಕೆ ಹಿಂದಿರುಗಿ ನೋಡಬೇಕು. ಈ ಕೆಲಸವನ್ನು ಬರೆದವರಿಗಿಂತ ಜೊತೆಯ ಓದುಗರೊಬ್ಬರು ಮಾಡುವುದು ಲೇಸು. ಬರೆದವರ ಕಣ್ಣು ತಾನು ಬರೆಯಬೇಕೆಂದಿದ್ದುದನ್ನೇ ಓದುತ್ತದೆ. ಹತ್ತರಲ್ಲಿ ಒಂದು ತಪ್ಪಿದರೂ ಆ ಸಾಲಿನ ಎಲ್ಲ ಚೀಟಿಗಳನ್ನೂ ಮತ್ತೆ ನೋಡಬೇಕಾಗುತ್ತದೆ. ಹಾಗೆ ನೋಡುವಾಗ ಪುಸ್ತಕ ಜ್ಞಾನಭಾರತಿಯ ಕಪಾಟಿನಲ್ಲಿದೆಯೇ, ಚಾಮರಾಜಪೇಟೆಯ ಪರಿಷತ್ತಿನಲ್ಲಿದೆಯೇ, ಯಾರ ಮನೆಯಿಂದ ಎರವಲು ತಂದುದು ಎಂಬುದು ಆಕರಗಳ ಪಟ್ಟಿಯಲ್ಲಿ ಬರೆದಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತದೆ; ಬರೆದಿಲ್ಲದಿದ್ದರೆ ಹುಡುಕಾಟ ಪುಸ್ತಕದಿಂದಲೇ ಆರಂಭವಾಗುತ್ತದೆ.